ತೀರಿಕೊಂಡವರ ಖಾತೆಯ ಹಣ ಕೇಳುವ ಅರ್ಜಿ: ವಾರಸುದಾರರೆಂದು ಯಾರ್ಯಾರ ಹೆಸರು ಬರೆಯಬೇಕು?

ಮುಂಗಾರು:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಇತ್ತೀಚೆಗೆ ತೀರಿಕೊಂಡರು. ಒಂದೇ ಬ್ಯಾಂಕಿನಲ್ಲಿ ಅವರದು ಎರಡು ಖಾತೆಗಳಿವೆ. ₹4,00,000 ನಿಶ್ಚಿತ ಠೇವಣಿಗೆ ನಮ್ಮ ಅಣ್ಣ ನಾಮಿನಿ. ಉಳಿತಾಯ ಖಾತೆಯಲ್ಲಿ ₹1,85,000 ಇದ್ದು, ಅದಕ್ಕೆ ನಾಮಿನಿ ಯಾರೂ ಇಲ್ಲ. ತಂದೆಯವರು ಉಯಿಲು ಬರೆದಿಲ್ಲ. ಕೌಂಟರಿನಲ್ಲಿ ಒಂದು ಕಟ್ಟು ಕಾಗದ ಕೊಟ್ಟು, ವಾರಸುದಾರರ ಹೆಸರುಗಳನ್ನು ತುಂಬಿ, ಸಹಿ ಮಾಡಿಸಿ ತನ್ನಿ ಎಂದರು.

ಈ ಹೆಸರುಗಳ ವಿಷಯದಲ್ಲಿಯೇ ಮನೆಯಲ್ಲಿ ಒಮ್ಮತವಿಲ್ಲ. ತಾಯಿಯವರ ಹೆಸರೊಂದೇ ಸಾಕೆಂದು ದೊಡ್ಡಪ್ಪ ಹೇಳುತ್ತಾರೆ. ಅಕ್ಕನಿಗೆ ಮದುವೆಯಾಗಿ ಬಹಳ ಕಾಲವಾಗಿರುವುದರಿಂದ ತಾಯಿ ಮತ್ತು ನಾವಿಬ್ಬರು ಗಂಡುಮಕ್ಕಳ ಹೆಸರು ಬರೆದರೆ ಸಾಕೆಂದು ಅಣ್ಣ ಹೇಳುತ್ತಾನೆ. ತಾಯಿಯವರಿಗೆ ಸಹಿ ಮಾಡಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ. ಇದರ ಜೊತೆಗೆ ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರು ಇನಿಷಿಯಲ್‌ನೊಂದಿಗೆ ಮೊಟಕಾಗಿದ್ದರೆ, ಮರಣ ಪ್ರಮಾಣಪತ್ರದಲ್ಲಿ ಪೂರ್ತಿಯಾಗಿ, ಮನೆತನದ ಹೆಸರಿನೊಂದಿಗೆ ಇದೆ. ಹೇಗೆ ತುಂಬಿದರೆ ಅರ್ಜಿ ವಾಪಸು ಬರುವುದಿಲ್ಲ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ನೇರನುಡಿ:
ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಠೇವಣಿಗೆ ನಾಮಿನಿ ನಿಮ್ಮ ಅಣ್ಣನಾದ ಮೇಲೆ ಆ ಹಣ ಅವರದೇ, ಬೇರೆ ಯಾರ ಸಹಿಯೂ ಬೇಕಾಗಿಲ್ಲ. ಉಳಿತಾಯ ಖಾತೆಗೆ ತಾಯಿಯ ಹೆಸರು ಬರೆಯಿರಿ, ಹೆಂಡತಿಯೇ ಮೊದಲ ವಾರಸುದಾರಳು.

ಹಳೆಯ ಲೆಡ್ಜರ್:
ನೇರನುಡಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಬ್ಯಾಂಕಿನಲ್ಲಿ ಇಂಥ ಅರ್ಜಿಗಳನ್ನು ಬಹಳ ವರ್ಷ ಪರಿಶೀಲಿಸಿದವನು ನಾನು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಕೈಯಲ್ಲಿರುವುದು ಒಂದು ಕಟ್ಟಿನಂತೆ ಕಂಡರೂ ಅದರಲ್ಲಿರುವುದು ಎರಡು ಬೇರೆ ಬೇರೆ ಕೆಲಸಗಳು, ಅವನ್ನು ಮೊದಲು ಬೇರ್ಪಡಿಸಿಕೊಳ್ಳಿ. ಠೇವಣಿಗೆ ನಾಮಿನಿ ಇರುವುದರಿಂದ ಅಣ್ಣ ಒಬ್ಬರೇ ಅರ್ಜಿ ತುಂಬಿ, ಮರಣ ಪ್ರಮಾಣಪತ್ರವನ್ನೂ ತಮ್ಮ ಗುರುತಿನ ದಾಖಲೆಯನ್ನೂ ಕೊಟ್ಟರೆ ಮುಗಿಯಿತು. ಅಲ್ಲಿ ವಾರಸುದಾರರ ಪಟ್ಟಿ, ನಷ್ಟಭರ್ತಿ ಪತ್ರ, ಜಾಮೀನು ಇವು ಯಾವುವನ್ನೂ ಬ್ಯಾಂಕ್ ಕೇಳುವಂತಿಲ್ಲ. ಅವಧಿ ಮುಗಿದಿಲ್ಲವೆಂಬ ಕಾರಣಕ್ಕೆ ದಂಡ ಹಿಡಿಯುವಂತೆಯೂ ಇಲ್ಲ. ಆದರೆ ಹಣವನ್ನು ಅಣ್ಣ ಪಡೆಯುವುದು ಎಲ್ಲ ವಾರಸುದಾರರ ಪರವಾಗಿ. ನಾಮಿನಿಯ ಕೈಗೆ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ, ಅಷ್ಟರಿಂದ ಹಣ ನಾಮಿನಿಯ ಸ್ವಂತದ್ದಾಗುವುದಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿಯೇ ಬ್ಯಾಂಕ್ ಖಾತೆಯ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಉಳಿತಾಯ ಖಾತೆಯದು ಬೇರೆ ದಾರಿ. ನಾಮಿನಿ ಇಲ್ಲದ ಕಡೆ ಬ್ಯಾಂಕಿಗೆ ವಾರಸುದಾರರೆಲ್ಲರೂ ಗೊತ್ತಾಗಬೇಕು. ಉತ್ತರ ಹೇಳುವ ಮುನ್ನ ಒಂದು ಪ್ರಶ್ನೆ: ನಿಮ್ಮ ತಂದೆಯವರ ತಾಯಿ, ಅಂದರೆ ನಿಮ್ಮ ಅಜ್ಜಿ, ಬದುಕಿದ್ದಾರೆಯೇ?

ಮುಂಗಾರು:
ಇದ್ದಾರೆ ಸರ್, ದೊಡ್ಡಪ್ಪನ ಮನೆಯಲ್ಲಿದ್ದಾರೆ, ಬಹಳ ವಯಸ್ಸಾಗಿದೆ. ಅಜ್ಜಿಗೂ ಈ ಅರ್ಜಿಗೂ ಏನು ಸಂಬಂಧ? ಇಲ್ಲಿಯವರೆಗೆ ಅವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿಲ್ಲ.

ಹಳೆಯ ಲೆಡ್ಜರ್:
ಹೆಚ್ಚಿನ ಮನೆಗಳಲ್ಲಿ ಎತ್ತುವುದಿಲ್ಲ, ಆದ್ದರಿಂದಲೇ ಕೇಳಿದೆ. ನಿಮ್ಮ ಕುಟುಂಬಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾದರೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳ ಜೊತೆಗೆ ಅವನ ತಾಯಿಯೂ ಸೇರುತ್ತಾಳೆ. ಎಲ್ಲರಿಗೂ ಒಂದೊಂದು ಸಮಪಾಲು. ಮಗಳಿಗೆ ಮದುವೆಯಾಗಿದೆಯೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ತಂದೆ ಮಾತ್ರ ಈ ಮೊದಲ ವರ್ಗದಲ್ಲಿ ಇಲ್ಲ. ಹಾಗಾಗಿ ನಿಮ್ಮ ಅಜ್ಜ ಬದುಕಿದ್ದರೂ ಅವರ ಹೆಸರು ಬರುತ್ತಿರಲಿಲ್ಲ, ದೊಡ್ಡಪ್ಪನ ಹೆಸರಂತೂ ಬರುವುದೇ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಇರಬೇಕಾದವರು ಐವರು: ಅಜ್ಜಿ, ತಾಯಿ, ಅಕ್ಕ, ಅಣ್ಣ ಮತ್ತು ನೀವು. ₹1,85,000ವನ್ನು ಐದು ಪಾಲು ಮಾಡಿದರೆ ತಲೆಗೆ ₹37,000 ಬರುತ್ತದೆ, ಬಡ್ಡಿ ಬೇರೆ. ನಾಲ್ಕು ಹೆಸರು ಬರೆದು ಕೊಟ್ಟಿರೆಂದುಕೊಳ್ಳಿ. ನೀವು ಲಗತ್ತಿಸಿದ ವಂಶವೃಕ್ಷದಲ್ಲಿ ಐದನೆಯ ಹೆಸರು ಕಂಡ ಕೂಡಲೇ ಪರಿಶೀಲಿಸುವವರು ಅರ್ಜಿಯನ್ನು ಬದಿಗಿಡುತ್ತಾರೆ. ವಂಶವೃಕ್ಷದಲ್ಲಿಯೂ ಐದನೆಯ ಹೆಸರು ಇಲ್ಲದಿದ್ದರೆ ಹಣ ಬಂದುಬಿಡಬಹುದು. ಆದರೆ ನೀವೆಲ್ಲರೂ ಸಹಿ ಮಾಡುವ ನಷ್ಟಭರ್ತಿ ಪತ್ರದಲ್ಲಿ, ನಮ್ಮನ್ನು ಬಿಟ್ಟು ಬೇರೆ ವಾರಸುದಾರರಿಲ್ಲ, ಇದ್ದು ತಕರಾರು ಬಂದರೆ ಆ ನಷ್ಟ ನಮ್ಮದು ಎಂದು ಒಪ್ಪಿಕೊಂಡಿರುತ್ತೀರಿ. ತಪ್ಪಿನ ಭಾರ ಬ್ಯಾಂಕಿನ ಹೆಗಲಿನಿಂದ ನಿಮ್ಮ ಹೆಗಲಿಗೆ ಬರುವುದು ಅಲ್ಲಿಯೇ.

ಗುಬ್ಬಿಗೂಡು:
ಇಷ್ಟೆಲ್ಲ ಏಕೆ? ತಂದೆಯವರ ಎಟಿಎಂ ಕಾರ್ಡಿನ ಪಿನ್ ಗೊತ್ತಿದ್ದರೆ ಬ್ಯಾಂಕಿಗೆ ತಿಳಿಸುವ ಮೊದಲೇ ತೆಗೆದುಬಿಡಬಹುದಿತ್ತು. ನಮ್ಮ ನೆಂಟರಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಹಳೆಯ ಲೆಡ್ಜರ್:
ಮಾಡುತ್ತಾರೆ, ನಿಜ. ಮರಣದ ದಿನಾಂಕದ ನಂತರ ಕಾರ್ಡಿನಿಂದ ಹಣ ತೆಗೆದದ್ದು ಖಾತೆಯ ವಿವರದಲ್ಲಿ ಹಾಗೆಯೇ ಉಳಿಯುತ್ತದೆ. ಮುಂದೆ ವಾರಸುದಾರರಲ್ಲಿ ಒಬ್ಬರು ಕೇಳಿದರೆ ತೆಗೆದವರೇ ಉತ್ತರ ಕೊಡಬೇಕು. ದಯವಿಟ್ಟು ಆ ಸಲಹೆಯನ್ನು ಇಲ್ಲಿ ಯಾರೂ ಪಾಲಿಸಬೇಡಿ.

ಬೆಳಗಿನ ಬಿಸಿಲು:
ನನ್ನದೂ ನಾಮಿನಿಯ ಪ್ರಶ್ನೆಯೇ. ನನ್ನ ಖಾತೆಗೆ ಹೆಂಡತಿ ಮತ್ತು ಮಗಳು ಇಬ್ಬರನ್ನೂ ನಾಮಿನಿ ಮಾಡಬಹುದೇ? ಒಬ್ಬರನ್ನೇ ಬರೆಯಬೇಕೆಂದು ಮೊದಲು ಹೇಳಿದ್ದರು.

ತಾಳೆಪಟ್ಟಿ:
ಅವರು ಕೇಳಿದ್ದು ತೀರಿಕೊಂಡವರ ಖಾತೆಯ ಬಗ್ಗೆ. ಆದರೂ ಕೇಳಿದ್ದೀರೆಂದು ಹೇಳುತ್ತೇನೆ. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿ ಬರೆಯಬಹುದು. ಒಟ್ಟಿಗೆ ಬರೆಯುವುದಾದರೆ ಯಾರಿಗೆ ಶೇಕಡಾ ಎಷ್ಟು ಎಂದು ನಮೂದಿಸಬೇಕು, ಎಲ್ಲ ಸೇರಿ ನೂರಾಗಬೇಕು. ಅಥವಾ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಎಂದು ಸರದಿಯಲ್ಲಿ ಬರೆಯಬಹುದು. ಲಾಕರಿಗೆ ಸರದಿಯ ವಿಧಾನ ಮಾತ್ರ.

ಕರಿಕೋಟು:
ನಾನು ವಕೀಲಿ ವೃತ್ತಿಯಲ್ಲಿದ್ದೇನೆ. ಲೆಡ್ಜರ್ ಸರ್ ಹೇಳಿದ ವಾರಸುದಾರರ ಪಟ್ಟಿ ಸರಿಯಾಗಿದೆ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ತಂದೆಗಿಂತ ಮೊದಲೇ ತೀರಿಕೊಂಡ ಮಗನೋ ಮಗಳೋ ಇದ್ದರೆ ಅವರ ಮಕ್ಕಳೂ, ಆ ಮಗನ ವಿಧವೆಯೂ ಪಟ್ಟಿಗೆ ಬರುತ್ತಾರೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ನಿಯಮ ಬೇರೆ. ಆದ್ದರಿಂದ ಇಲ್ಲಿಯ ಐದು ಹೆಸರುಗಳ ಲೆಕ್ಕವನ್ನು ಎಲ್ಲರೂ ನಕಲು ಮಾಡಿಕೊಳ್ಳಬಾರದು.

ನನ್ನ ಅಭಿಪ್ರಾಯದಲ್ಲಿ ನೀವು ನೇರವಾಗಿ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಪಡೆಯುವುದು ಒಳ್ಳೆಯದು. ನಾಳೆ ಯಾರೂ ಪ್ರಶ್ನಿಸುವಂತಿರುವುದಿಲ್ಲ.

ಹಳೆಯ ಲೆಡ್ಜರ್:
ಕರಿಕೋಟು ಅವರೇ, ₹1,85,000ಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತೀರಾ? ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನವನ್ನು ನೋಡಿ. 2026ರ ಮಾರ್ಚ್ 31ರೊಳಗೆ ಬ್ಯಾಂಕುಗಳು ಅದನ್ನು ಜಾರಿಗೆ ತರಬೇಕೆಂದು ಗಡುವು ಕೊಟ್ಟಿತ್ತು. ನಾಮಿನಿ ಇಲ್ಲದ ಖಾತೆಗಳ ಒಟ್ಟು ಮೊತ್ತ ಬಡ್ಡಿಯೂ ಸೇರಿ ₹15 ಲಕ್ಷದವರೆಗೆ ಇದ್ದರೆ, ಸಹಕಾರಿ ಬ್ಯಾಂಕಾದರೆ ₹5 ಲಕ್ಷದವರೆಗೆ ಇದ್ದರೆ, ಸರಳ ವಿಧಾನದಲ್ಲಿಯೇ ಇತ್ಯರ್ಥ ಮಾಡಬೇಕು. ಉತ್ತರಾಧಿಕಾರ ಪ್ರಮಾಣಪತ್ರವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಆ ಮಿತಿಯೊಳಗೆ ಕೇಳುವಂತಿಲ್ಲ. ಹೆಚ್ಚಿನ ಮಿತಿ ಇಟ್ಟುಕೊಳ್ಳಲು ಬ್ಯಾಂಕಿಗೆ ಸ್ವಾತಂತ್ರ್ಯವಿದೆ, ಕಡಿಮೆ ಮಾಡಲು ಇಲ್ಲ.

ಕರಿಕೋಟು:
ಮಿತಿಯ ಮಾತು ಒಪ್ಪಿದೆ. ಆದರೆ ಆ ಸರಳ ವಿಧಾನ ವಾರಸುದಾರರಲ್ಲಿ ತಕರಾರು ಇಲ್ಲದಿದ್ದರೆ ಮಾತ್ರ. ಇವರ ಮನೆಯಲ್ಲಿ ಅಕ್ಕನ ಹೆಸರು ಬೇಡವೆನ್ನುವ ಅಣ್ಣನಿದ್ದಾನೆ ಎಂಬುದನ್ನು ಮರೆಯಬೇಡಿ.

ಮುಂಗಾರು:
ತಕರಾರು ಇಲ್ಲ ಸರ್, ಅಣ್ಣನಿಗೆ ತಿಳಿದಿರಲಿಲ್ಲ ಅಷ್ಟೇ. ಮೇಲಿನದನ್ನು ಓದಿ ಹೇಳಿದ ಮೇಲೆ ಅಕ್ಕನ ಹೆಸರು ಬರೆಯಲು ಒಪ್ಪಿದ್ದಾನೆ. ಈಗ ಎಲ್ಲರ ಇಚ್ಛೆ ಏನೆಂದರೆ ಪೂರ್ತಿ ಹಣ ತಾಯಿಯವರ ಖಾತೆಗೆ ಹೋಗಲಿ ಎಂಬುದು. ಹಾಗಿದ್ದರೆ ಉಳಿದವರ ಹೆಸರು ಏಕೆ ಬೇಕು?

ಹಳೆಯ ಲೆಡ್ಜರ್:
ಹೆಸರು ಬರೆಯುವುದು ಒಂದು, ಹಣ ಕೇಳುವುದು ಇನ್ನೊಂದು. ಪಟ್ಟಿಯಲ್ಲಿ ಐವರೂ ಇರಬೇಕು. ಹಣ ಕೇಳುವವರಾಗಿ ತಾಯಿ ಒಬ್ಬರೇ ಅರ್ಜಿ ಹಾಕಬಹುದು. ಆಗ ಉಳಿದ ನಾಲ್ವರು, ತಾಯಿಗೆ ಕೊಡಲು ನಮ್ಮ ಆಕ್ಷೇಪಣೆ ಇಲ್ಲವೆಂದು ಪ್ರತ್ಯೇಕ ಪತ್ರಕ್ಕೆ ಸಹಿ ಮಾಡುತ್ತಾರೆ, ನಷ್ಟಭರ್ತಿ ಪತ್ರಕ್ಕೆ ತಾಯಿ ಹೆಬ್ಬೆಟ್ಟು ಒತ್ತುತ್ತಾರೆ. ಸಾಮಾನ್ಯವಾಗಿ ಜನ ಎಡವುವುದು ಇಲ್ಲಿ. ಹಣ ಬೇಡವೆನ್ನುವವರ ಹೆಸರನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತಾರೆ, ಇಲ್ಲವೇ ಐವರೂ ಎರಡೂ ಕಾಗದಗಳಿಗೆ ಸಹಿ ಹಾಕಿ ಬರುತ್ತಾರೆ. ಒಂದೇ ಕಂತೆಯಲ್ಲಿ ಒಬ್ಬನೇ ಮನುಷ್ಯ ಹಣ ಕೊಡಿ ಎಂದೂ ನನಗೆ ಬೇಡ ಎಂದೂ ಬರೆದುಕೊಟ್ಟರೆ ಪರಿಶೀಲಿಸುವವರು ಏನು ಮಾಡಬೇಕು?

ಅರಳಿಮರ:
ನಾನು ಒಬ್ಬ ಮದುವೆಯಾದ ಹೆಣ್ಣುಮಗಳು, ಮುಂಗಾರು ಅವರ ಅಕ್ಕನ ಸ್ಥಾನದಲ್ಲಿ ನಿಂತವಳು. ಇಂಥದೇ ಪತ್ರಕ್ಕೆ ಅಣ್ಣಂದಿರು ನನ್ನ ಸಹಿ ಕೇಳಿದಾಗ ಬರಿ ಸಹಿ ಎಂದೇ ಹೇಳಿದ್ದರು. ಓದಿ ನೋಡಿದರೆ, ಮೃತರ ಸಮಸ್ತ ಆಸ್ತಿಯಲ್ಲಿ ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಯಾರೋ ಟೈಪ್ ಮಾಡಿಸಿ ತಂದಿದ್ದರು. ಅದು ಬ್ಯಾಂಕ್ ಕೊಟ್ಟ ಕಾಗದವೇ ಆಗಿರಲಿಲ್ಲ. ನಾನು ಸಹಿ ಮಾಡಲಿಲ್ಲ. ಬ್ಯಾಂಕಿನ ನಮೂನೆಯಲ್ಲಿಯೇ, ಆ ಒಂದು ಖಾತೆಯ ಸಂಖ್ಯೆ ಬರೆದು, ಅಮ್ಮನಿಗೆ ಕೊಡಲು ಆಕ್ಷೇಪಣೆ ಇಲ್ಲವೆಂದು ಮಾತ್ರ ಬರೆದುಕೊಟ್ಟೆ. ಅಕ್ಕನ ಕೈಗೆ ಕಾಗದ ಕೊಡುವಾಗ ಓದಲು ಸಮಯ ಕೊಡಿ.

ಕರಿಕೋಟು:
ಅರಳಿಮರ ಮೇಡಂ ಹೇಳಿದ್ದು ಈ ಚರ್ಚೆಯಲ್ಲಿ ಬಹಳ ಮುಖ್ಯವಾದ ಮಾತು. ಬ್ಯಾಂಕ್ ನನ್ನ ಪಾಲನ್ನು ಇಂಥವರ ಕೈಗೆ ಕೊಡಲಿ ಎನ್ನುವುದಕ್ಕೂ ನನ್ನ ಪಾಲೇ ನನಗೆ ಬೇಡ ಎನ್ನುವುದಕ್ಕೂ ಅಂತರವಿದೆ. ಖಾತೆಯ ಸಂಖ್ಯೆ ನಮೂದಿಸಿದ ಪತ್ರ ಮನೆ ಜಮೀನುಗಳಿಗೆ ಅನ್ವಯಿಸುವುದಿಲ್ಲ.

ನೇರನುಡಿ:
ಒಪ್ಪುವುದಿಲ್ಲ. ಆಕ್ಷೇಪಣೆ ಇಲ್ಲ ಎಂದ ಮೇಲೆ ಆ ಹಣದ ಮಟ್ಟಿಗೆ ಹಕ್ಕು ಬಿಟ್ಟಂತೆಯೇ ಅಲ್ಲವೇ? ನಾಳೆ ತಾಯಿಯ ಹತ್ತಿರ ಹೋಗಿ ನನ್ನ ₹37,000 ಕೊಡು ಎಂದು ಕೇಳಲಾದೀತೇ?

ಕರಿಕೋಟು:
ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಅದು ನಿಂತಿದೆ. ಕೆಲವು ಬ್ಯಾಂಕುಗಳ ಪತ್ರದಲ್ಲಿ ಹಕ್ಕು ತ್ಯಜಿಸಿದ್ದೇನೆ ಎಂದೇ ಇರುತ್ತದೆ, ಕೆಲವದರಲ್ಲಿ ಪಾವತಿಗೆ ಒಪ್ಪಿಗೆ ಮಾತ್ರ. ಪತ್ರ ನೋಡದೆ ಹೀಗೆಯೇ ಎಂದು ನಾನು ಹೇಳಲಾರೆ, ನೀವೂ ಹೇಳಬೇಡಿ.

ನೇರನುಡಿ:
ಅಂದರೆ ವಕೀಲರ ಬಳಿಯೂ ಉತ್ತರವಿಲ್ಲ ಎಂದಾಯಿತು.

ತಾಳೆಪಟ್ಟಿ:
ಹೆಸರಿನ ವ್ಯತ್ಯಾಸದ ಬಗ್ಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಮರಣ ಪ್ರಮಾಣಪತ್ರವನ್ನು ತಿದ್ದಿಸಲು ಹೊರಡುವ ಮೊದಲು ತಂದೆಯವರ ಆಧಾರ್ ಮತ್ತು ಪಾನ್ ತೆಗೆದು, ಯಾವ ಹೆಸರು ಎಲ್ಲಿ ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇನಿಷಿಯಲ್ ಬಿಡಿಸಿ ಬರೆದಷ್ಟೇ ವ್ಯತ್ಯಾಸವಾಗಿದ್ದು, ನಿಮ್ಮ ಅಜ್ಜನ ಹೆಸರು, ವಿಳಾಸ ಇವೆಲ್ಲ ಹೊಂದಿದರೆ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟಿನಿಂದ ಸಾಮಾನ್ಯವಾಗಿ ಕೆಲಸವಾಗುತ್ತದೆ. ಅರ್ಜಿಯಲ್ಲಿ ಮೊದಲು ಪಾಸ್‌ಬುಕ್ಕಿನಲ್ಲಿರುವಂತೆ ಬರೆದು, ಉರುಫ್ ಎಂದು ಸೇರಿಸಿ, ಮರಣ ಪ್ರಮಾಣಪತ್ರದಲ್ಲಿರುವಂತೆ ಬರೆಯಿರಿ. ಮುಂದಿನ ಎಲ್ಲ ಕಾಗದಗಳಲ್ಲಿಯೂ ಅದೇ ಕ್ರಮ ಇರಲಿ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಬರೆದರೆ ಎರಡು ಹೆಸರಿದ್ದದ್ದು ಮೂರಾಗುತ್ತದೆ. ಆದರೆ ಹೆಸರೇ ಬೇರೆಯಾಗಿದ್ದರೆ, ಉದಾಹರಣೆಗೆ ಊರಿನವರು ಕರೆಯುವ ಹೆಸರು ಪ್ರಮಾಣಪತ್ರಕ್ಕೆ ಹೋಗಿದ್ದರೆ, ಜನನ ಮರಣ ನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಮಾಡಿಸುವುದೇ ಸರಿ.

ಮರಣದ ದಿನಾಂಕವನ್ನೂ ಪ್ರಮಾಣಪತ್ರ ನೋಡಿಕೊಂಡೇ ಬರೆಯಿರಿ. ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ತೀರಿಕೊಂಡವರ ವಿಷಯದಲ್ಲಿ ಮನೆಯವರು ಹೇಳುವ ದಿನಕ್ಕೂ ದಾಖಲೆಯ ದಿನಕ್ಕೂ ವ್ಯತ್ಯಾಸ ಬರುವುದುಂಟು.

ಮುಂಗಾರು:
ಪ್ರಮಾಣಪತ್ರದಲ್ಲಿ ಇನಿಷಿಯಲ್ ಬಿಡಿಸಿದ್ದಾರೆ, ಉಳಿದದ್ದೆಲ್ಲ ಒಂದೇ. ಹಾಗಾದರೆ ಅಫಿಡವಿಟ್ ಸಾಕಾಗಬಹುದು. ವಂಶವೃಕ್ಷ ಮಾಡಿಸಲೇಬೇಕೇ? ಜಮೀನಿನ ಖಾತೆ ಬದಲಾವಣೆಗೆಂದು ಹಿಂದೆ ಮಾಡಿಸಿದ್ದು ಒಂದಿದೆ.

ಹಳೆಯ ಲೆಡ್ಜರ್:
ಆ ಹಳೆಯದನ್ನು ಬಿಡಿಸಿ ನೋಡಿ. ಜಮೀನಿಗೆ ಮಾಡಿಸಿದ್ದು ಬಹುಶಃ ನಿಮ್ಮ ಅಜ್ಜನಿಂದಲೋ ಮುತ್ತಜ್ಜನಿಂದಲೋ ಆರಂಭವಾಗಿರುತ್ತದೆ, ನಿಮ್ಮ ತಂದೆ ಅದರಲ್ಲಿ ಬದುಕಿದ್ದವರೆಂದೇ ಇರುತ್ತಾರೆ. ಈಗ ಬೇಕಾದದ್ದು ತಂದೆಯವರ ಮರಣದ ನಂತರ ಉಳಿದ ವಾರಸುದಾರರನ್ನು ತೋರಿಸುವ ದಾಖಲೆ. ಹೊಸದಾಗಿ ಅರ್ಜಿ ಹಾಕುವಾಗ ಅಕ್ಕ ಮತ್ತು ಅಜ್ಜಿಯ ಹೆಸರನ್ನು ನೀವೇ ಮರೆಯದೆ ಹೇಳಿ. ಹೇಳಿದಷ್ಟನ್ನೇ ಬರೆದುಕೊಳ್ಳುವ ಕಡೆಗಳೂ ಇವೆ.

ಅದು ತಡವಾಗುವಂತಿದ್ದರೆ ಇನ್ನೊಂದು ದಾರಿ ಇದೆ. ಕುಟುಂಬವನ್ನು ಚೆನ್ನಾಗಿ ಬಲ್ಲ, ಈ ಹಣದಲ್ಲಿ ಪಾಲಿಲ್ಲದ, ಬ್ಯಾಂಕಿಗೆ ಒಪ್ಪಿಗೆಯಾದ ಒಬ್ಬರು, ವಾರಸುದಾರರು ಇಂತಿಂಥವರು ಎಂದು ಘೋಷಣೆ ಕೊಟ್ಟರೂ ಆ ₹15 ಲಕ್ಷದ ಮಿತಿಯೊಳಗೆ ನಡೆಯುತ್ತದೆ. ನಿಮ್ಮ ದೊಡ್ಡಪ್ಪನನ್ನು ಇದಕ್ಕೆ ಕರೆಯಬೇಡಿ, ಮನೆಯವರಲ್ಲದವರೇ ಒಳ್ಳೆಯದು.

ಅರಳಿಮರ:
ತಾಯಿಯವರ ಹೆಬ್ಬೆಟ್ಟಿನ ವಿಷಯ?

ಹಳೆಯ ಲೆಡ್ಜರ್:
ಮನೆಯಲ್ಲಿ ಒತ್ತಿಸಿಕೊಂಡು ತರಬೇಡಿ, ತುಂಬಿದ ಕಾಗದವನ್ನು ಗುರುತು ಒತ್ತಿಸದೆ ತಂದು ಬ್ಯಾಂಕಿನಲ್ಲಿ ಅಧಿಕಾರಿಯ ಎದುರಿಗೇ ಒತ್ತಿಸಿ. ಅದಕ್ಕೆ ಮೊದಲು ಕಾಗದದಲ್ಲಿ ಬರೆದದ್ದನ್ನು ಅವರಿಗೆ ಅರ್ಥವಾಗುವಂತೆ ಓದಿ ಹೇಳಬೇಕು. ಸಾಕ್ಷಿಗೆ ಇಬ್ಬರನ್ನು ಕರೆದುಕೊಂಡು ಹೋಗಿ, ಅವರು ವಾರಸುದಾರರಲ್ಲದವರಾಗಿರಲಿ. ಮಸಿ ಹೆಚ್ಚಾಗಿ ಗೆರೆ ಮುಚ್ಚಿಹೋದರೆ ಅದರ ಮೇಲೆಯೇ ಇನ್ನೊಮ್ಮೆ ಒತ್ತಬೇಡಿ, ಪಕ್ಕದಲ್ಲಿ ಒತ್ತಿ. ಯಾರ ಗುರುತು ಎಂದು ಹೆಸರನ್ನು ಅದರ ಸುತ್ತ ಬರೆಯಬೇಕು.

ಮುಂಗಾರು:
ತಾಯಿಯವರು ಬರುತ್ತಾರೆ. ತೊಂದರೆ ಇರುವುದು ಅಜ್ಜಿಯವರದು. ಹಾಸಿಗೆ ಹಿಡಿದಿದ್ದಾರೆ. ಕೆಲವು ದಿನ ನಮ್ಮನ್ನೆಲ್ಲ ಗುರುತಿಸುತ್ತಾರೆ, ಕೆಲವು ದಿನ ತಂದೆಯವರು ಏಕೆ ಇನ್ನೂ ಬಂದಿಲ್ಲ ಎಂದು ಕೇಳುತ್ತಾರೆ. ಅವರಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಪಡೆಯುವುದು ಹೇಗೆ?

ಗುಬ್ಬಿಗೂಡು:
ಮಲಗಿರುವವರ ಹೆಬ್ಬೆಟ್ಟನ್ನು ಮನೆಯಲ್ಲಿಯೇ ಒತ್ತಿಸಬಹುದು, ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇದು ಮಾತ್ರ ನನಗೆ ಖಚಿತವಾಗಿ ಗೊತ್ತು.

ಹಳೆಯ ಲೆಡ್ಜರ್:
ಈ ಸಲ ನೀವು ಹೇಳಿದ ನಿಯಮ ಇರುವುದು ನಿಜ. ಆದರೆ ಅದು ಕಾಯಿಲೆಯಿಂದಲೋ ವಯಸ್ಸಿನಿಂದಲೋ ಸಹಿ ಮಾಡಲಾಗದ ಖಾತೆದಾರರು ತಮ್ಮದೇ ಖಾತೆಯಿಂದ ಹಣ ತೆಗೆಯುವ ಸಂದರ್ಭಕ್ಕೆ ಬಂದದ್ದು. ಅಲ್ಲಿಯೂ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಕೈ ಆಡದವರಿಗೆ ಅದು ಪರಿಹಾರ. ಇವರ ಅಜ್ಜಿಯ ವಿಷಯದಲ್ಲಿ ಪ್ರಶ್ನೆ ಕೈಯದಲ್ಲ, ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂಬುದು ಅವರಿಗೆ ತಿಳಿಯುತ್ತದೆಯೇ ಎಂಬುದು.

ಕರಿಕೋಟು:
ತಿಳಿಯದ ಸ್ಥಿತಿಯಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಬೆಲೆಯಿಲ್ಲ, ಒತ್ತಿಸಿಕೊಂಡವರಿಗೆ ತೊಂದರೆಯೂ ಆದೀತು. ಕಟ್ಟುನಿಟ್ಟಾಗಿ ಹೇಳುವುದಾದರೆ ನ್ಯಾಯಾಲಯದಿಂದ ಪಾಲಕರ ನೇಮಕವಾಗಬೇಕು. ₹37,000ಕ್ಕಾಗಿ ಅಷ್ಟು ದೂರ ಹೋಗಿ ಎಂದು ಹೇಳಲು ನನಗೂ ಮನಸ್ಸಿಲ್ಲ.

ತಾಳೆಪಟ್ಟಿ:
ಅಜ್ಜಿಯನ್ನು ಹಣ ಬೇಡವೆನ್ನುವವರ ಸಾಲಿನಲ್ಲಿ ಏಕೆ ನಿಲ್ಲಿಸಬೇಕು? ಅವರನ್ನೂ ಹಣ ಕೇಳುವವರ ಜೊತೆಗೆ ಸೇರಿಸಿ, ಅವರ ಪಾಲು ಅವರದೇ ಖಾತೆಗೆ ಹೋಗಲಿ. ಅವರು ಏನನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ.

ಕರಿಕೋಟು:
ಆಗಲೂ ನಷ್ಟಭರ್ತಿ ಪತ್ರಕ್ಕೆ ಅವರ ಗುರುತು ಬೇಕಲ್ಲ. ಅದೂ ಒಂದು ಒಪ್ಪಂದವೇ, ತಿಳಿಯದವರು ಅದನ್ನು ಹೇಗೆ ಮಾಡಿಕೊಡುತ್ತಾರೆ? ಆದರೂ ಅವರ ಪಾಲನ್ನು ಯಾರೂ ಮುಟ್ಟುವುದಿಲ್ಲ ಎಂಬುದರಿಂದ ನಿಮ್ಮ ದಾರಿಯಲ್ಲಿ ಅನ್ಯಾಯ ಕಡಿಮೆ.

ನೇರನುಡಿ:
ಎಲ್ಲರೂ ಸೇರಿ ಒಬ್ಬ ವೃದ್ಧೆಯ ಹೆಸರನ್ನು ಇಷ್ಟು ದೊಡ್ಡ ಸಮಸ್ಯೆ ಮಾಡಿದಿರಿ. ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಅರಳಿಮರ:
ಹೆಣ್ಣುಮಕ್ಕಳ ಹೆಸರಿನ ಬಗ್ಗೆಯೂ ಇದೇ ಮಾತನ್ನು ಹೇಳುತ್ತಿದ್ದರು ನೇರನುಡಿಯವರೇ.

ಹಳೆಯ ಲೆಡ್ಜರ್:
ಮುಂಗಾರು, ಅಜ್ಜಿಯ ವಿಷಯವನ್ನು ಮುಚ್ಚಿಡದೆ ಮ್ಯಾನೇಜರ್ ಎದುರು ಇದ್ದ ಹಾಗೆಯೇ ಹೇಳಿ. ಕೆಲವು ಶಾಖೆಗಳಲ್ಲಿ ಅಧಿಕಾರಿ ಮನೆಗೆ ಬಂದು ಮಾತನಾಡಿಸಿ, ಆ ದಿನ ತಿಳಿವಳಿಕೆ ಇದ್ದರೆ ಗುರುತು ಪಡೆಯುತ್ತಾರೆ, ವೈದ್ಯರ ಪತ್ರವನ್ನೂ ಕೇಳಬಹುದು. ಕೆಲವರು ಒಪ್ಪದೆ ಇರಬಹುದು, ಅವರನ್ನು ದೂರಲಾಗದು.

ಅದಕ್ಕಾಗಿ ಠೇವಣಿಯ ಅರ್ಜಿಯನ್ನು ಮಾತ್ರ ತಡೆಹಿಡಿಯಬೇಡಿ. ಅಣ್ಣ ನಾಳೆಯೇ ಅದನ್ನು ಪ್ರತ್ಯೇಕವಾಗಿ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಲಿ. ಬೇಕಾದ ದಾಖಲೆಗಳೆಲ್ಲ ಸೇರಿದ ದಿನದಿಂದ 15 ದಿನಗಳೊಳಗೆ ಬ್ಯಾಂಕ್ ಹಣ ಕೊಡಬೇಕು. ತನ್ನದೇ ಕಾರಣಕ್ಕೆ ತಡ ಮಾಡಿದರೆ, ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ದರದ ಮೇಲೆ ಶೇಕಡಾ 4 ಸೇರಿಸಿ ಆ ಅವಧಿಗೆ ಬಡ್ಡಿ ಕೊಡಬೇಕು. ಸ್ವೀಕೃತಿ ಇಲ್ಲದಿದ್ದರೆ ಆ 15 ದಿನ ಎಂದು ಆರಂಭವಾಯಿತೆಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಮುಂಗಾರು:
ಸರಿ ಸರ್. ಠೇವಣಿಯ ಅರ್ಜಿಯನ್ನು ಅಣ್ಣ ಸೋಮವಾರ ಕೊಡುತ್ತಾನೆ. ಆ ಹಣ ಬಂದ ಮೇಲೆ ಐದು ಪಾಲಾಗಿ, ತಲೆಗೆ ₹80,000 ಮತ್ತು ಬಡ್ಡಿ, ಅಜ್ಜಿಯ ಖಾತೆಗೂ ಹಾಕಬೇಕಾಗುತ್ತದೆ ಎಂದು ಅವನಿಗೆ ಇನ್ನೂ ಹೇಳಿಲ್ಲ. ನಷ್ಟಭರ್ತಿ ಪತ್ರಕ್ಕೆ ಎಷ್ಟರ ಛಾಪಾ ಕಾಗದ ಬೇಕು?

ತಾಳೆಪಟ್ಟಿ:
ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಶಾಖೆಯಲ್ಲಿ ಕೇಳಿಕೊಂಡು ಕೊಳ್ಳಿ, ಮೊದಲೇ ಕೊಂಡಿಡಬೇಡಿ.